ನೋಟ್ಸಿನಲ್ಲಿ ಕಳೆದುಹೋದ ಒಂದು m

ಮೋಡದಲ್ಲಿರುವುದು ನೀರಿನ ಹನಿಗಳೇ. ಒಂದೇ ಗಾತ್ರದ ನೀರು ಮತ್ತು ಗಾಳಿಯನ್ನು ತೂಗಿದರೆ ನೀರೇ ಸುಮಾರು 800 ಪಟ್ಟು ಭಾರ. ಹಾಗಿದ್ದೂ ಮೋಡ ನಮ್ಮ ತಲೆಯ ಮೇಲೆ ಬೀಳುವುದಿಲ್ಲ. ಏಕೆ ಎಂಬುದಕ್ಕೆ ಕಾಲೇಜಿನ ಭೌತಶಾಸ್ತ್ರದಲ್ಲಿ ನಾಲ್ಕೈದು ಸಾಲಿನ ಒಂದು ಲೆಕ್ಕ ಉತ್ತರ ಕೊಡುತ್ತದೆ. ಹನಿಯನ್ನು ಭೂಮಿ ಕೆಳಗೆ ಎಳೆಯುತ್ತದೆ, ಗಾಳಿ ಅದನ್ನು ತಡೆಯುತ್ತದೆ, ಎರಡೂ ಸಮವಾದಾಗ ಹನಿಯ ವೇಗ ಏರುವುದು ನಿಲ್ಲುತ್ತದೆ. ಆ ಸ್ಥಿರ ವೇಗಕ್ಕೆ ಅಂತಿಮ ವೇಗ ಎನ್ನುತ್ತಾರೆ.

ಈ ಲೆಕ್ಕವನ್ನು ಬೋರ್ಡಿನಿಂದ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುವಾಗ ಒಂದು ಅಕ್ಷರ ಬಿಟ್ಟುಹೋದರೆ ಏನಾಗುತ್ತದೆ? ಮೇಲ್ನೋಟಕ್ಕೆ ಏನೂ ಆಗುವುದಿಲ್ಲ. ಉಳಿದ ಸಾಲುಗಳು ಒಂದರಿಂದೊಂದು ಸರಿಯಾಗಿಯೇ ಹುಟ್ಟುತ್ತವೆ, ಕೊನೆಯಲ್ಲಿ ಸೂತ್ರಕ್ಕೆ ಅಚ್ಚುಕಟ್ಟಾಗಿ ಚೌಕಟ್ಟೂ ಬೀಳುತ್ತದೆ. ಅದು ತಪ್ಪೆಂದು ಉತ್ತರ ನೋಡದೆಯೇ, ಲೆಕ್ಕವನ್ನು ಮತ್ತೆ ಮಾಡದೆಯೇ ಕಂಡುಹಿಡಿಯುವ ಒಂದು ದಾರಿಯಿದೆ. ಆಯಾಮಗಳ ತಾಳೆ ಅದರ ಹೆಸರು. ಉದ್ದ, ದ್ರವ್ಯರಾಶಿ, ಕಾಲ ಈ ಮೂರರಲ್ಲಿ ಯಾವುದು ಎಷ್ಟು ಸಲ ಬಂದಿದೆ ಎಂದು ಪ್ರತಿ ಪದದಲ್ಲೂ ಎಣಿಸುವುದಷ್ಟೇ ಕೆಲಸ. ಫ್ರೆಂಚ್ ಗಣಿತಜ್ಞ ಫೂರಿಯೇ 1822ರಲ್ಲಿ ಪ್ರಕಟಿಸಿದ ಶಾಖದ ಕುರಿತ ಗ್ರಂಥದಲ್ಲೇ ಈ ವಿಚಾರವನ್ನು ಸ್ಪಷ್ಟವಾಗಿ ಹೇಳಿದ್ದ. ಸೇರಿನಲ್ಲಿ ಅಳೆದ ಅಕ್ಕಿಯನ್ನು ಗಜದಲ್ಲಿ ಅಳೆದ ಬಟ್ಟೆಗೆ ಕೂಡಿಸಲಾಗದು. ಹಾಗೆಯೇ ಸಮೀಕರಣವೊಂದರಲ್ಲಿ ಕೂಡುವ, ಕಳೆಯುವ, ಸಮ ಎನ್ನುವ ಪದಗಳೆಲ್ಲ ಒಂದೇ ಜಾತಿಯವಾಗಿರಬೇಕು.

ಈಗ ಮೋಡದ ಹನಿಗೆ ಬರೋಣ. ಇಂಥ ನೋಟ್ಸಿನ ಒಂದು ಪುಟ ಹೀಗಿದೆ ಎಂದಿಟ್ಟುಕೊಳ್ಳಿ:

```
(1)  m dv/dt = mg − 6πηrv
(2)  dv/dt = g − 6πηrv
(3)  k = 6πηr ;  dv/dt = g − kv
(4)  v = (g/k)(1 − e^(−kt))
(5)  v = (g/6πηr)(1 − e^(−6πηrt))
```

ಇಲ್ಲಿ m ಹನಿಯ ದ್ರವ್ಯರಾಶಿ, r ಅದರ ತ್ರಿಜ್ಯ, v ವೇಗ, g ಗುರುತ್ವದ ವೇಗೋತ್ಕರ್ಷ, t ಕಾಲ. η ಎಂಬ ಗ್ರೀಕ್ ಅಕ್ಷರ ಗಾಳಿಯ ಸ್ನಿಗ್ಧತೆಯನ್ನು, ಅಂದರೆ ಅದರೊಳಗೆ ಚಲಿಸುವ ವಸ್ತುವಿಗೆ ಅದು ಒಡ್ಡುವ ತಡೆಯ ಗುಣವನ್ನು, ಸೂಚಿಸುತ್ತದೆ. ತಡೆಯ ಬಲ 6πηrv ಎಂದು ತೋರಿಸಿದವನು ಜಾರ್ಜ್ ಸ್ಟೋಕ್ಸ್, 1851ರಲ್ಲಿ. ಗಾಳಿ ಹನಿಯನ್ನು ಮೇಲಕ್ಕೆ ಎತ್ತುವ ಬಲ ತೀರಾ ಅಲ್ಪವಾದ್ದರಿಂದ ಅದನ್ನು ಕೈಬಿಟ್ಟಿದೆ.

ತಾಳೆ ನೋಡುವುದನ್ನು ಕೊನೆಯ ಸಾಲಿನಿಂದ ಆರಂಭಿಸಬೇಕು. ಅದಕ್ಕೆ ಸ್ನಿಗ್ಧತೆಯ ಮಾನ ಬೇಕು. ಅನೇಕರಿಗೆ ಅದು ನೆನಪಿರುವುದಿಲ್ಲ, ನೆನಪಿಡಬೇಕಾಗಿಯೂ ಇಲ್ಲ. 6πηrv ಒಂದು ಬಲ. ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ, ಅಂದರೆ kg·m/s². ಅದನ್ನು ತ್ರಿಜ್ಯದಿಂದಲೂ (m) ವೇಗದಿಂದಲೂ (m/s) ಭಾಗಿಸಿದರೆ η ಸಿಗುತ್ತದೆ: kg/(m·s). 6 ಮತ್ತು π ಬರೀ ಸಂಖ್ಯೆಗಳು, ಅವಕ್ಕೆ ಮಾನವಿಲ್ಲ.

ಈಗ ಐದನೆಯ ಸಾಲಿನ ಆವರಣದ ಹೊರಗಿರುವ ಭಾಗ ನೋಡಿ:

```
g/(ηr) : (m/s²) ÷ (kg/s) = m/(kg·s)
```

ಎಡಗಡೆ ಇರುವುದು ವೇಗ, ಸೆಕೆಂಡಿಗೆ ಇಷ್ಟು ಮೀಟರ್. ಬಲಗಡೆ ಮೀಟರೂ ಇದೆ, ಸೆಕೆಂಡೂ ಇದೆ, ಆದರೆ ಛೇದದಲ್ಲಿ ಕಿಲೋಗ್ರಾಮ್ ಒಂದು ಕುಳಿತಿದೆ. ವೇಗದಲ್ಲಿ ಕಿಲೋಗ್ರಾಮಿಗೆ ಜಾಗವಿಲ್ಲ. ಘಾತದಲ್ಲೂ ಇದೇ ತೊಂದರೆ. 6πηrt ಎಂಬುದರ ಮಾನ ಕಿಲೋಗ್ರಾಮ್. e ಎಂಬ ಸಂಖ್ಯೆಯನ್ನು ಮೂರು ಸಲ ಗುಣಿಸಬಹುದು, ಮೂರು ಕಿಲೋ ಸಲ ಗುಣಿಸುವುದೆಂದರೆ ಅರ್ಥವೇ ಇಲ್ಲ. ಘಾತದಲ್ಲಿ ಕೂರುವುದು ಯಾವಾಗಲೂ ಮಾನವಿಲ್ಲದ ಶುದ್ಧ ಸಂಖ್ಯೆಯೇ ಆಗಿರಬೇಕು. ಹಾಗಾಗಿ ಸೂತ್ರದಲ್ಲಿ ಘಾತವೋ, ಸೈನೋ, ಲಾಗೋ ಕಂಡರೆ ನಾನು ಮೊದಲು ಕಣ್ಣು ಹಾಯಿಸುವುದು ಅದರ ಒಳಗೆ. ತಪ್ಪು ಅಲ್ಲಿ ಬಲುಬೇಗ ಕಾಣುತ್ತದೆ.

ಸೂತ್ರ ತಪ್ಪೆಂದು ಗೊತ್ತಾಯಿತು. ಇಷ್ಟಕ್ಕೇ ಅನೇಕರು ಮಾಡುವ ಕೆಲಸವೊಂದಿದೆ: ಒಂದು ಕಿಲೋಗ್ರಾಮ್ ಕಡಿಮೆ ಬಿದ್ದಿದೆ, ಮೇಲೆ ಒಂದು m ಸೇರಿಸಿದರಾಯಿತು ಎಂದು ತೇಪೆ ಹಚ್ಚುವುದು. ಹಾಗೆ ಮಾಡಿದರೆ ಆವರಣದ ಹೊರಗಿನ ಭಾಗ ಸರಿಯಾಗುತ್ತದೆ, ಘಾತದ ತಪ್ಪು ಹಾಗೆಯೇ ಉಳಿಯುತ್ತದೆ. ಎಷ್ಟು ಕಡಿಮೆ ಬಿದ್ದಿದೆ ಎಂದು ತಾಳೆ ಹೇಳುತ್ತದೆಯೇ ಹೊರತು, ಅದು ಎಲ್ಲಿ ಕಳೆದುಹೋಯಿತು ಎಂದು ಹೇಳುವುದಿಲ್ಲ. ಅದಕ್ಕೆ ಸಾಲು ಸಾಲಾಗಿ ಹಿಂದಕ್ಕೆ ಹೋಗಬೇಕು.

ನಾಲ್ಕನೆಯ ಮತ್ತು ಮೂರನೆಯ ಸಾಲು ನೋಡಿದರೆ ಮೊದಲಿಗೆ ಗಲಿಬಿಲಿಯಾಗುತ್ತದೆ, ಏಕೆಂದರೆ ಅಲ್ಲಿ ತಪ್ಪೇ ಕಾಣುವುದಿಲ್ಲ. dv/dt = g − kv ಎಂಬಲ್ಲಿ kv ಎಂಬುದು ವೇಗೋತ್ಕರ್ಷವಾಗಬೇಕಾದರೆ k ಯ ಮಾನ 1/s ಆಗಿರಬೇಕು. ಹಾಗಿದ್ದರೆ kt ಶುದ್ಧ ಸಂಖ್ಯೆ, g/k ವೇಗ, ಎಲ್ಲವೂ ಒಪ್ಪುತ್ತದೆ. ಮೂರರಿಂದ ನಾಲ್ಕಕ್ಕೆ ಬಂದ ಗಣಿತ ನಿಜಕ್ಕೂ ಸರಿಯಾಗಿಯೇ ಇದೆ. ಆದರೆ ಅದೇ ಮೂರನೆಯ ಸಾಲಿನಲ್ಲಿ k = 6πηr ಎಂದೂ ಇದೆಯಲ್ಲ, ಅದರ ಮಾನ kg/s. ಒಂದೇ ಅಕ್ಷರಕ್ಕೆ ಒಂದೇ ಸಾಲಿನಲ್ಲಿ ಎರಡು ಮಾನ! ಉದ್ದನೆಯ ಪದಕ್ಕೆ ಒಂದು ಚುಟುಕು ಅಕ್ಷರ ಇಟ್ಟುಕೊಂಡಾಗ ತಪ್ಪು ಅದರ ಮರೆಯಲ್ಲಿ ಅಡಗುವುದು ಹೀಗೆ. ಹೊಸ ಅಕ್ಷರ ಬರೆದ ಕೂಡಲೇ ಪಕ್ಕದಲ್ಲಿ ಅದರ ಮಾನವನ್ನೂ ಬರೆದಿಟ್ಟಿದ್ದರೆ ಇದು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಇನ್ನೊಂದು ಸಾಲು ಹಿಂದೆ ಹೋಗಿ. ಎರಡನೆಯ ಸಾಲಿನಲ್ಲಿ g ವೇಗೋತ್ಕರ್ಷ, 6πηrv ಬಲ. ಬಲವನ್ನು ವೇಗೋತ್ಕರ್ಷದಿಂದ ಕಳೆಯಲು ಹೊರಟಿದ್ದೇವೆ. ಮೊದಲನೆಯ ಸಾಲಿನಲ್ಲಿ ಮೂರೂ ಪದಗಳು ಬಲಗಳೇ, ಅದು ಸರಿ. ಅಲ್ಲಿಗೆ ತಪ್ಪು ನಡೆದದ್ದು ಒಂದರಿಂದ ಎರಡಕ್ಕೆ ಇಳಿಯುವಾಗ. m ನಿಂದ ಭಾಗಿಸುವಾಗ ಎರಡು ಪದಗಳನ್ನು ಭಾಗಿಸಿ ಮೂರನೆಯದನ್ನು ಮರೆತಿದ್ದಾರೆ. ಅದನ್ನು ತಿದ್ದಿದರೆ k = 6πηr/m ಆಗುತ್ತದೆ, ಸೂತ್ರ ಹೀಗೆ ಬರುತ್ತದೆ:

```
v = (mg/6πηr)(1 − e^(−6πηrt/m))
```

ಹನಿ ಗೋಳಾಕಾರದ್ದಾದ್ದರಿಂದ m ಬದಲಿಗೆ (4/3)πr³ρ ಹಾಕಿದರೆ (ρ ನೀರಿನ ಸಾಂದ್ರತೆ) ಅಂತಿಮ ವೇಗ 2ρgr²/9η. ಮಾನಗಳನ್ನು ಎಣಿಸಿ ನೋಡಿ, m/s ಸಿಗುತ್ತದೆ.

ಮೂರರಿಂದ ನಾಲ್ಕನೆಯ ಸಾಲಿಗೆ ಹೋಗುವ ನಡುವೆ ಹೆಚ್ಚಿನ ನೋಟ್ಸುಗಳಲ್ಲಿ ಇನ್ನೊಂದು ಹೆಜ್ಜೆ ಇರುತ್ತದೆ. ತಾಳೆ ನೋಡಲು ಹೊಸದಾಗಿ ಕಲಿತವರು ಅಲ್ಲಿ ಎಡವುತ್ತಾರೆ:

```
−(1/k) ln(g − kv) = t + C
```

ಲಾಗ್‌ನ ಒಳಗೆ ವೇಗೋತ್ಕರ್ಷ ಕುಳಿತಿದೆ. ಇದೂ ತಪ್ಪೇ? ಅಲ್ಲ. C ಎಂಬ ಸ್ಥಿರಾಂಕ ಇನ್ನೂ ತೀರ್ಮಾನವಾಗಿಲ್ಲ. ಆರಂಭದಲ್ಲಿ ವೇಗ ಸೊನ್ನೆ ಎಂದು ಹಾಕಿದಾಗ C ಯೊಳಗೆ ln g ಇದೆಯೆಂದು ತಿಳಿಯುತ್ತದೆ. ಎರಡೂ ಲಾಗ್‌ಗಳನ್ನು ಒಂದುಗೂಡಿಸಿದರೆ ಒಳಗೆ ಉಳಿಯುವುದು (g − kv)/g, ಶುದ್ಧ ಸಂಖ್ಯೆ. ಹಾಗಾಗಿ ಅನುಕಲನದ ಸ್ಥಿರಾಂಕ ಬಾಕಿ ಇರುವ ಸಾಲಿಗೆ ತೀರ್ಪು ಕೊಡಲು ಅವಸರ ಬೇಡ. ಸ್ಥಿರಾಂಕದ ಬೆಲೆ ಹಾಕಿದ ಮೇಲೂ ಲಾಗ್‌ನೊಳಗೆ ಮಾನ ಉಳಿದರೆ ಮಾತ್ರ ಅದು ತಪ್ಪು.

ಈ ತಾಳೆಯ ಕಣ್ಣಿಗೆ ಬೀಳದ ತಪ್ಪುಗಳೂ ಇವೆ, ಅವನ್ನೂ ಹೇಳಬೇಕು. ಗೋಳದ ಗಾತ್ರದಲ್ಲಿ ಮೂರರಿಂದ ಭಾಗಿಸಲು ಮರೆತು 2/9 ಬದಲು 2/3 ಬರೆದರೆ ಆಯಾಮಗಳು ಚಕಾರವೆತ್ತುವುದಿಲ್ಲ. ಘಾತದ ಮುಂದಿನ ಋಣ ಚಿಹ್ನೆ ಬಿಟ್ಟುಹೋದರೂ ಅಷ್ಟೆ. ಚಿಹ್ನೆಯ ತಪ್ಪನ್ನು ಹಿಡಿಯಲು ಸೂತ್ರವನ್ನು ಎರಡು ತುದಿಗಳಲ್ಲಿ ಪರೀಕ್ಷಿಸಬೇಕು. ಹನಿ ಬೀಳತೊಡಗಿದ ಮೊದಲ ಕ್ಷಣದಲ್ಲಿ ಗಾಳಿಯ ತಡೆ ಇನ್ನೂ ಇರುವುದಿಲ್ಲ, ಆದ್ದರಿಂದ t ಬಹಳ ಚಿಕ್ಕದಿದ್ದಾಗ v ಸುಮಾರಾಗಿ gt ಆಗಬೇಕು. ನಮ್ಮ ಸೂತ್ರದಲ್ಲಿ ಹಾಗೆಯೇ ಆಗುತ್ತದೆ. ಬಹಳ ಹೊತ್ತಾದ ಮೇಲೆ ವೇಗ ಒಂದೆಡೆ ನಿಲ್ಲಬೇಕು. ಋಣ ಚಿಹ್ನೆ ಕಳೆದುಹೋದ ಸೂತ್ರದಲ್ಲಿ ಹನಿ ಮೇಲ್ಮುಖವಾಗಿ ಹಾರುತ್ತಾ ಮಿತಿಯಿಲ್ಲದೆ ವೇಗ ಪಡೆಯುತ್ತದೆ. 2/3ರಂಥ ತಪ್ಪಿಗೆ ಇದೂ ಸಾಲದು, ಸಾಲುಗಳನ್ನು ಮತ್ತೆ ಓದಲೇಬೇಕು.

ಆಯಾಮ ಸರಿಯಿದ್ದು ಮಾನ ತಪ್ಪುವುದೂ ಉಂಟು. ಹಳೆಯ ಪಠ್ಯಪುಸ್ತಕಗಳಲ್ಲಿ ಸ್ನಿಗ್ಧತೆಯನ್ನು ಪಾಯ್ಸ್ ಎಂಬ ಮಾನದಲ್ಲಿ ಕೊಟ್ಟಿರುತ್ತಾರೆ. ಅದು ಗ್ರಾಮ್ ಮತ್ತು ಸೆಂಟಿಮೀಟರುಗಳ ಪದ್ಧತಿಯದು. ಒಂದು ಪಾಯ್ಸ್ ಎಂದರೆ ನಮ್ಮ kg/(m·s) ಲೆಕ್ಕದಲ್ಲಿ 0.1. ಗಾಳಿಯದು ಸುಮಾರು 0.00018 ಪಾಯ್ಸ್. ಅದನ್ನು ಹಾಗೆಯೇ ಎತ್ತಿ ಮೀಟರ್–ಕಿಲೋಗ್ರಾಮ್ ಸೂತ್ರಕ್ಕೆ ಹಾಕಿದರೆ ಉತ್ತರ ಹತ್ತನೇ ಒಂದಕ್ಕೆ ಇಳಿಯುತ್ತದೆ. ಸಂಖ್ಯೆ ಹಾಕುವಾಗ ಪ್ರತಿ ಸಂಖ್ಯೆಯ ಜೊತೆ ಅದರ ಮಾನವನ್ನೂ ಬರೆದು, ಮಾನಗಳನ್ನೂ ಸಂಖ್ಯೆಗಳಂತೆ ಹೊಡೆದುಹಾಕುತ್ತಾ ಹೋದರೆ ಪಾಯ್ಸ್ ಎಂಬುದು ಹೋಗದೆ ಉಳಿದು ತಾನೇ ಎಚ್ಚರಿಸುತ್ತದೆ. ಇದೇ ಕಾರಣಕ್ಕೆ ಡೆರಿವೇಶನ್ ನಡುವೆ g ಬದಲಿಗೆ 9.8 ಎಂದು ಬರೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅಕ್ಷರ ಹೋಗಿ ಬರೀ ಸಂಖ್ಯೆ ಬಂದ ಕ್ಷಣ ತಾಳೆ ನೋಡುವ ದಾರಿ ಮುಚ್ಚಿತು.

ಈಗ ಸರಿಪಡಿಸಿದ ಸೂತ್ರಕ್ಕೆ ಸಂಖ್ಯೆಗಳನ್ನು ಹಾಕೋಣ. ಮೋಡದ ಹನಿಯ ತ್ರಿಜ್ಯ ಸಾಮಾನ್ಯವಾಗಿ 10 ಮೈಕ್ರಾನ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ಅಂತಿಮ ವೇಗ ಸೆಕೆಂಡಿಗೆ ಸುಮಾರು 1.2 ಸೆಂಟಿಮೀಟರ್ ಬರುತ್ತದೆ. ಆ ವೇಗವನ್ನು ಅದು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಟ್ಟುತ್ತದೆ. ಮೋಡ ಬೀಳದಿರುವುದಕ್ಕೆ ಕಾರಣ ಇದೇ: ಹನಿಗಳು ಬೀಳುತ್ತಲೇ ಇವೆ, ಆದರೆ ಮೇಲೇಳುವ ಗಾಳಿಯ ಎದುರು ಇಷ್ಟು ನಿಧಾನದ ಬೀಳುವಿಕೆ ಲೆಕ್ಕಕ್ಕೇ ಇಲ್ಲ.

ಅದೇ ಸೂತ್ರಕ್ಕೆ ಒಂದು ಮಿಲಿಮೀಟರ್ ತ್ರಿಜ್ಯದ ಮಳೆಹನಿಯನ್ನು ಕೊಟ್ಟರೆ ತ್ರಿಜ್ಯ ನೂರು ಪಟ್ಟು, ವೇಗ ಹತ್ತು ಸಾವಿರ ಪಟ್ಟು: ಸೆಕೆಂಡಿಗೆ ಸುಮಾರು 120 ಮೀಟರ್. ಅಂಥ ಹನಿ ನಿಜವಾಗಿ ಬೀಳುವುದು ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ. ಬೀಜಗಣಿತ ಸರಿ, ಆಯಾಮ ಸರಿ, ಮಾನ ಸರಿ, ಉತ್ತರ ಮಾತ್ರ ತಪ್ಪು. ಸ್ಟೋಕ್ಸ್‌ನ ನಿಯಮ ನಡೆಯುವುದು ವಸ್ತುವಿನ ಸುತ್ತ ಗಾಳಿ ಸುಳಿಯೇಳದೆ ನಯವಾಗಿ ಹರಿಯುವಾಗ. ಮಳೆಹನಿಯ ಹಿಂದೆ ಗಾಳಿ ಸುಳಿಸುಳಿಯಾಗುತ್ತದೆ. ಇದು ಮೊದಲನೆಯ ಸಾಲನ್ನು ಬರೆಯುವ ಮೊದಲೇ ಕೇಳಬೇಕಾದ ಪ್ರಶ್ನೆ, ಯಾವ ತಾಳೆಯೂ ಅದನ್ನು ನಮ್ಮ ಪರವಾಗಿ ಕೇಳುವುದಿಲ್ಲ. ನಿಮ್ಮ ನೋಟ್ಸಿನಲ್ಲಿ ಈ ಸೂತ್ರವಿದ್ದರೆ ಚೌಕಟ್ಟಿನ ಪಕ್ಕದಲ್ಲಿ ಇಷ್ಟು ಬರೆದಿಡಿ: ಮೋಡದ ಹನಿಗೆ ಸರಿ, ಮಳೆಯ ಹನಿಗೆ ಸಲ್ಲದು.