ಉಪಗ್ರಹದ ದಾರಿಗಿಂತ ಉದ್ದದ ಸರದಿ

ಅಹಮದಾಬಾದಿನ ಪಶ್ಚಿಮ ಭಾಗದ ಒಂದು ದೊಡ್ಡ ಬಡಾವಣೆಗೆ ಸ್ಯಾಟಲೈಟ್ ಎಂದೇ ಹೆಸರು. ಪಕ್ಕದ ಜೋಧ್‌ಪುರ್ ಟೇಕ್ರಾದಲ್ಲಿರುವ ಇಸ್ರೋದ ಕೇಂದ್ರದಿಂದ ಬಂದ ಹೆಸರಿದು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಹಮದಾಬಾದಿನ ಭೂಕೇಂದ್ರದಿಂದ ಮೇಲೇರಿದ ಟಿ.ವಿ. ಕಾರ್ಯಕ್ರಮಗಳನ್ನು ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಳಿಸುತ್ತಿತ್ತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಕನ್ನಡ ಕಾರ್ಯಕ್ರಮಗಳನ್ನು ನೋಡಿದ್ದೂ ಹೀಗೆಯೇ.

ಆ ಸಂಕೇತ ಸುಮಾರು 36,000 ಕಿಲೋಮೀಟರ್ ಹತ್ತಿ ಅಷ್ಟೇ ದೂರ ಇಳಿಯಬೇಕಿತ್ತು. ಬೆಳಕಿನ ವೇಗದಲ್ಲಿ ಹೋದರೂ ಇದಕ್ಕೆ 240 ಮಿಲಿಸೆಕೆಂಡ್ ಬೇಕು, ಅಂದರೆ ಹತ್ತಿರ ಹತ್ತಿರ ಕಾಲು ಸೆಕೆಂಡ್. ಒಂದು ಹಳ್ಳಿ ನೋಡಲಿ, ಎರಡು ಸಾವಿರ ಹಳ್ಳಿ ನೋಡಲಿ, ಈ ವಿಳಂಬ ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೆ ಇಂದು ನಮ್ಮ ಮಾತು, ಚಿತ್ರ, ಕಾಗದಪತ್ರಗಳೆಲ್ಲ ಪ್ಯಾಕೆಟ್‌ಗಳಾಗಿ ತುಂಡಾಗಿ ರೌಟರ್‌ನಿಂದ ರೌಟರ್‌ಗೆ ಹೋಗುತ್ತವೆ. ಅಲ್ಲಿನ ವಿಳಂಬ ಬೇರೆ ಬಗೆಯದು. ಮೇಜಿನ ಮೇಲೆ ಕೂತ ಪುಟ್ಟ ಪೆಟ್ಟಿಗೆಯೊಂದು ಉಪಗ್ರಹದ ಇಡೀ ದಾರಿಗಿಂತ ಹೆಚ್ಚು ಹೊತ್ತು ಪ್ಯಾಕೆಟನ್ನು ಕಾಯಿಸಬಲ್ಲದು. ಎಷ್ಟು ಹೊರೆಗೆ ಎಷ್ಟು ಕಾಯಬೇಕೆಂಬ ಲೆಕ್ಕ ಮಾತ್ರ ಇಂಟರ್ನೆಟ್‌ಗಿಂತ ಬಹಳ ಹಳೆಯದು.

1909ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎ.ಕೆ. ಎರ್ಲಾಂಗ್ ಒಂದು ವಿಷಯ ತೋರಿಸಿಕೊಟ್ಟರು: ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಬರುವ ಕರೆಗಳು ಪಾಯ್ಸನ್ ಹಂಚಿಕೆಯನ್ನು ಪಾಲಿಸುತ್ತವೆ. 1960ರ ದಶಕದ ಆರಂಭದಲ್ಲಿ ಎಂಐಟಿಯ ಸಂಶೋಧನಾ ವಿದ್ಯಾರ್ಥಿ ಲಿಯೊನಾರ್ಡ್ ಕ್ಲೈನ್‌ರಾಕ್ ಈ ಗಣಿತವನ್ನು ಸಂದೇಶ ಜಾಲಗಳಿಗೆ ತಂದರು. ರೌಟರ್‌ನಿಂದ ಹೊರಡುವ ಪ್ರತಿಯೊಂದು ತಂತಿಯೂ ಒಬ್ಬನೇ ಗುಮಾಸ್ತನಿರುವ ಕೌಂಟರ್. ಅದರ ಮುಂದೆ ಪ್ಯಾಕೆಟ್‌ಗಳ ಸರದಿ.

2 ಎಂಬಿಪಿಎಸ್‌ನ ಒಂದು ಲೀಸ್ಡ್ ಲೈನ್ ತೆಗೆದುಕೊಳ್ಳೋಣ. ಪ್ಯಾಕೆಟ್ ಸರಾಸರಿ 1,500 ಬೈಟ್, ಅಂದರೆ 12,000 ಬಿಟ್. ಅದನ್ನು ತಂತಿಗೆ ಏರಿಸಲು 6 ಮಿಲಿಸೆಕೆಂಡ್. ಇದನ್ನು S ಎನ್ನೋಣ. ಹೊಸದಾಗಿ ಬಂದ ಪ್ಯಾಕೆಟ್ ತನ್ನ ಮುಂದೆ ಸರಾಸರಿ N ಪ್ಯಾಕೆಟ್‌ಗಳನ್ನು ಕಂಡರೆ, ಅವಕ್ಕೆಲ್ಲ ಒಂದೊಂದು S, ತನಗೊಂದು S, ಇಷ್ಟು ಹೊತ್ತು ಒಳಗಿರುತ್ತದೆ. ಒಳಗಿರುವ ಒಟ್ಟು ಕಾಲ W = S + N·S. ಇತ್ತ, ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ ಬರುವ ವೇಗವನ್ನು ಒಳಗೆ ತಂಗುವ ಕಾಲದಿಂದ ಗುಣಿಸಿದಷ್ಟು. 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ ಸರಳ ಮಾತಿದು. ಎರಡನ್ನೂ ಜೋಡಿಸಿದರೆ N·S ಇದ್ದ ಜಾಗಕ್ಕೆ ρ·W ಬರುತ್ತದೆ. ಇಲ್ಲಿ ρ ಎಂದರೆ ಹೊರೆ, ತಂತಿ ಎಷ್ಟು ಪಾಲು ಹೊತ್ತು ದುಡಿಯುತ್ತಿದೆ ಎಂಬುದು. ಉಳಿಯುವುದು ಇಷ್ಟೇ:

W = S / (1 − ρ)

ಹೊರೆ ಅರ್ಧ ಇದ್ದಾಗ 12 ಮಿಲಿಸೆಕೆಂಡ್. ಶೇ 80ಕ್ಕೆ 30, ಶೇ 90ಕ್ಕೆ 60, ಶೇ 95ಕ್ಕೆ 120. ಶೇ 97.5ಕ್ಕೆ ಸರಿಯಾಗಿ 240: ನೆಲದ ಮೇಲಿನ ಒಂದು ಕೌಂಟರ್ ಉಪಗ್ರಹದ ದಾರಿಗೆ ಸಮನಾಯಿತು. ಶೇ 99ಕ್ಕೆ 600.

ಶೇ 90ರಿಂದ 95ಕ್ಕೆ ಹೋದಾಗ ಕೆಲಸ ಹೆಚ್ಚಿದ್ದು ಸ್ವಲ್ಪವೇ, ಆದರೆ ಬಿಡುವು ಹತ್ತರಿಂದ ಐದಕ್ಕೆ ಇಳಿದು ಅರ್ಧವಾಯಿತು. ಸರದಿಯನ್ನು ಕರಗಿಸುವುದು ಈ ಬಿಡುವೇ. ಒಮ್ಮೆಗೇ 50 ಪ್ಯಾಕೆಟ್‌ಗಳ ಗುಂಪು ನುಗ್ಗಿತೆನ್ನಿ. ಅದು 300 ಮಿಲಿಸೆಕೆಂಡ್‌ಗಳ ಕೆಲಸ. ಮಾಮೂಲಿ ಹೊರೆ ಶೇ 50 ಇದ್ದರೆ 0.6 ಸೆಕೆಂಡಿನಲ್ಲಿ ಕರಗುತ್ತದೆ, ಶೇ 90 ಇದ್ದರೆ 3 ಸೆಕೆಂಡ್, ಶೇ 99 ಇದ್ದರೆ 30 ಸೆಕೆಂಡ್. ಆ ಮೂವತ್ತು ಸೆಕೆಂಡಿನೊಳಗೆ ಇನ್ನೊಂದು ಗುಂಪು ಬಂದೇ ಬರುತ್ತದೆ, ಹಳೆಯದರ ಬೆನ್ನ ಮೇಲೆ ಕೂರುತ್ತದೆ. ಪ್ಯಾಕೆಟ್‌ಗಳೆಲ್ಲ ಒಂದೇ ಗಾತ್ರದವಾಗಿ, ಗಡಿಯಾರ ನೋಡಿಕೊಂಡು ಸಮ ಅಂತರದಲ್ಲಿ ಬಂದಿದ್ದರೆ ಶೇ 99ಕ್ಕೂ ಸರದಿಯೇ ಇರುತ್ತಿರಲಿಲ್ಲ. ಬರುವಿಕೆ ಏರುಪೇರಾಗಿರುವುದು, ಕಳೆದ ಕ್ಷಣದ ಬಿಡುವನ್ನು ಮುಂದಿನ ಕ್ಷಣಕ್ಕೆ ಕೂಡಿಡಲಾಗದಿರುವುದು, ಇವೆರಡೂ ಸೇರಿದಾಗಲೇ ವಿಳಂಬ ಸ್ಫೋಟಿಸುತ್ತದೆ.

ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ಗೆ ಈ ಸ್ಫೋಟದ ಬಿಸಿ ನೇರವಾಗಿ ತಟ್ಟಿತು. 1979ರಿಂದ ಅದರ ಪ್ರತಿ ನೋಡ್ ತನ್ನ ಲಿಂಕ್‌ಗಳ ವಿಳಂಬವನ್ನು ಅಳೆದು ಜಾಲಕ್ಕೆಲ್ಲ ಸಾರುತ್ತಿತ್ತು. ಕಡಿಮೆ ವಿಳಂಬದ ದಾರಿ ಆರಿಸಿಕೊಳ್ಳುವುದು ಉದ್ದೇಶ. ಹಗುರ ಹೊರೆಯಲ್ಲಿ ಇದು ಚೆನ್ನಾಗಿಯೇ ನಡೆಯಿತು. ಹೊರೆ ಏರಿದಾಗ ವಕ್ರರೇಖೆ ಕಡಿದಾಗಿ ಮೇಲೆದ್ದು, ತುಂಬಿದ 9.6 ಕೆಬಿಪಿಎಸ್ ಲಿಂಕ್ ಖಾಲಿ ಇರುವ 56 ಕೆಬಿಪಿಎಸ್ ಲಿಂಕಿಗಿಂತ 127 ಪಟ್ಟು ದುಬಾರಿಯಾಗಿ ಕಾಣುವಂತಾಯಿತು. ಎಲ್ಲರೂ ಒಟ್ಟಿಗೆ ಅದನ್ನು ಬಿಟ್ಟು ಬೇರೆಡೆ ಓಡಿದರು. ಅದು ಖಾಲಿಯಾಗಿ ಅಗ್ಗವಾಯಿತು, ಎಲ್ಲರೂ ಮರಳಿ ಬಂದರು. ಸಂಚಾರ ಅತ್ತಿತ್ತ ತೂಗಾಡಿತು. ಅರ್ಧ ಜಾಲ ತುಂಬಿ ತುಳುಕುವಾಗ ಇನ್ನರ್ಧ ಸುಮ್ಮನಿರುತ್ತಿತ್ತು.

1987ರಲ್ಲಿ ಮಾಡಿದ ತಿದ್ದುಪಡಿ ನನಗೆ ಈ ಇತಿಹಾಸದಲ್ಲೇ ಅತ್ಯಂತ ಮೆಚ್ಚುಗೆಯಾದದ್ದು. ಎಂಜಿನಿಯರ್‌ಗಳು ಅದೇ ಸೂತ್ರವನ್ನು ತಿರುಗಿಸಿ ಬಳಸಿದರು: ಅಳೆದ ವಿಳಂಬದಿಂದ ಹಿಮ್ಮುಖವಾಗಿ ಹೊರೆಯನ್ನು ಕಂಡುಹಿಡಿದರು. ಹೊರೆ ಎಷ್ಟೇ ಏರಲಿ ಒಂದರ ಒಳಗೇ ಇರುತ್ತದೆ, ವಿಳಂಬದ ಹಾಗೆ ಚಿಮ್ಮುವುದಿಲ್ಲ. ಆ ಹೊರೆಯ ಮೇಲೆ ಬೆಲೆ ಕಟ್ಟಿ, ತುಂಬಿದ ಲಿಂಕಿನ ಬೆಲೆ ಖಾಲಿ ಇದ್ದಾಗಿನದಕ್ಕಿಂತ ಮೂರು ಪಟ್ಟು ಮೀರದಂತೆ ತಡೆದರು. ವೇಗದ ಉಪಗ್ರಹ ಲಿಂಕ್, ನಿಧಾನದ ನೆಲದ ಲಿಂಕಿಗಿಂತ ಒಳ್ಳೆಯ ದಾರಿಯೆಂದು ಎಣಿಸುವಂತೆಯೂ ಆಯಿತು.

ಸೂತ್ರಕ್ಕೆ ಮಿತಿಗಳಿವೆ. ಪ್ಯಾಕೆಟ್‌ಗಳೆಲ್ಲ ಒಂದೇ ಗಾತ್ರದವಾದರೆ ಸರದಿಯಲ್ಲಿ ಕಾಯುವ ಹೊತ್ತು ಅರ್ಧಕ್ಕಿಳಿಯುತ್ತದೆ. ಆದರೂ ಕೆಳಗಿನ (1 − ρ) ಅಳಿಯದು. ಕೆಟ್ಟ ಸುದ್ದಿ ಬಂದದ್ದು 1993ರಲ್ಲಿ. ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಈಥರ್ನೆಟ್ ಅಳತೆಗಳನ್ನು ಪರಿಶೀಲಿಸಿದವರು, ನಿಜವಾದ ಸಂಚಾರ ಪಾಯ್ಸನ್‌ನಷ್ಟು ಸಾಧುವಲ್ಲ, ಯಾವ ಕಾಲಮಾನದಲ್ಲಿ ನೋಡಿದರೂ ಗುಂಪುಗುಂಪಾಗಿಯೇ ಬರುತ್ತದೆ ಎಂದು ತೋರಿಸಿದರು. ಹಾಗಾಗಿ ವಿಳಂಬದ ಏರು ಸೂತ್ರ ಹೇಳುವುದಕ್ಕಿಂತ ಮೊದಲೇ ಶುರುವಾಗಬಹುದು. ಅನಂತದವರೆಗೆ ಏರುವುದೂ ಇಲ್ಲ. ಬಫರ್‌ನಲ್ಲಿ ನೂರು ಪ್ಯಾಕೆಟ್‌ಗಳಿಗಷ್ಟೇ ಜಾಗವಿದ್ದರೆ ನಮ್ಮ ಲೈನಿನಲ್ಲಿ ವಿಳಂಬ 600 ಮಿಲಿಸೆಕೆಂಡಿಗೆ ನಿಲ್ಲುತ್ತದೆ, ಆಮೇಲೆ ಬಂದವು ಬಿದ್ದುಹೋಗುತ್ತವೆ.

ಇದನ್ನು ಮನೆಯಲ್ಲೇ ಪತ್ತೆಹಚ್ಚಬಹುದು. ಯಾರೂ ಬಳಸದ ಹೊತ್ತಿನಲ್ಲಿ `ping` ತೋರಿಸುವ ಅತಿ ಕಡಿಮೆ ಸಂಖ್ಯೆ ಬಹುಮಟ್ಟಿಗೆ ದೂರದ ಪಾಲು. ದೊಡ್ಡ ಫೈಲೊಂದನ್ನು ಮೇಲೇರಿಸುತ್ತ ಮತ್ತೆ ನೋಡಿ. ಏರಿದಷ್ಟೂ ಸರದಿಯ ಪಾಲು. ಸಂಖ್ಯೆ ಏರಿ ಒಂದೇ ಎತ್ತರದಲ್ಲಿ ಚಪ್ಪಟೆಯಾಗಿ ನಿಂತು, ನಡುನಡುವೆ ಉತ್ತರವೇ ಬರದಿದ್ದರೆ ಬಫರ್ ತುಂಬಿದೆ ಎಂದು ತಿಳಿಯಬೇಕು. ಐದು ನಿಮಿಷದ ಸರಾಸರಿ ಬರೆಯುವ ಹೊರೆಯ ಗ್ರಾಫ್ ಮಾತ್ರ ನೋಡಿ ನೆಮ್ಮದಿಯಾಗಿರಬಾರದು. ಅದು ಶೇ 70 ಎಂದಾಗ, ಮೂರು ನಿಮಿಷ ತಂತಿ ಪೂರ್ತಿ ತುಂಬಿ, ಉಳಿದೆರಡು ನಿಮಿಷ ಶೇ 25ರಲ್ಲಿ ನಡೆದಿರಬಹುದು. ಕರೆಯ ಧ್ವನಿ ಕಡಿದುಹೋಗುವುದು ಆ ಮೂರು ನಿಮಿಷಗಳಲ್ಲಿ.