ಮುಟ್ಟಿನ ಮುನ್ಸೂಚನೆಯೋ, ಬಸಿರಿನದೋ?

ಮುಟ್ಟಿಗೆ ನಾಲ್ಕೈದು ದಿನ ಮೊದಲು ಸ್ತನಗಳು ಬಿಗಿದು ನೋಯುವುದು, ಮಧ್ಯಾಹ್ನಕ್ಕೇ ಸುಸ್ತಾಗುವುದು ಅನೇಕ ಹೆಂಗಸರಿಗೆ ಗೊತ್ತಿರುವ ಸಂಗತಿ. ಬಸಿರಿನ ಆರಂಭದಲ್ಲಿ ಕಾಣಿಸುವುದೂ ಇವೇ. ಎರಡರ ಹಿಂದೆಯೂ ಮುಖ್ಯವಾಗಿ ಇರುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಅಂಡ ಬಿಡುಗಡೆಯಾದ ಮೇಲೆ ಅಂಡಾಶಯದಲ್ಲಿ ಅದಿದ್ದ ಜಾಗ ಹಳದಿ ಬಣ್ಣದ ಪುಟ್ಟ ಗ್ರಂಥಿಯಾಗಿ ಮಾರ್ಪಟ್ಟು ಈ ಹಾರ್ಮೋನನ್ನು ಸ್ರವಿಸುತ್ತದೆ. ಗರ್ಭ ನಿಲ್ಲಲಿ, ಬಿಡಲಿ, ಮೊದಲ ವಾರ ಅದರ ಕೆಲಸ ಒಂದೇ ತೆರನಾದದ್ದು.

28 ದಿನಕ್ಕೊಮ್ಮೆ ಮುಟ್ಟಾಗುವ ಹೆಂಗಸಿನ ಲೆಕ್ಕ ಹಿಡಿಯೋಣ. ಅಂಡ ಹೊರಬರುವುದು ಸುಮಾರು 14ನೇ ದಿನ. ಫಲಿತ ಅಂಡ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವುದು ಸಾಮಾನ್ಯವಾಗಿ ಅದಾದ ಎಂಟು–ಹತ್ತು ದಿನಕ್ಕೆ, ಅಂದರೆ 22–24ನೇ ದಿನದ ಹೊತ್ತಿಗೆ. ಆಕೆಗೆ 19ನೇ ದಿನವೇ ಎದೆ ನೋವು ಶುರುವಾದರೆ, ಆ ತಿಂಗಳು ಗರ್ಭ ನಿಂತರೂ ಸಹ, ಅಂದಿನ ನೋವು ಬಸಿರಿನದಲ್ಲ. ಅಂಟಿಕೊಂಡ ಭ್ರೂಣ ಎಚ್‌ಸಿಜಿ ಎಂಬ ಹಾರ್ಮೋನು ಕಳುಹಿಸಿದಾಗಲೇ ಹಳದಿ ಗ್ರಂಥಿ ಕೆಲಸ ಮುಂದುವರಿಸುತ್ತದೆ. ಆ ಸಂದೇಶ ಬರದಿದ್ದರೆ ಗ್ರಂಥಿ ಮುದುಡಿ, ಪ್ರೊಜೆಸ್ಟರಾನ್ ಇಳಿದು, ಮುಟ್ಟಾಗುತ್ತದೆ.

ಆದ್ದರಿಂದ ವ್ಯತ್ಯಾಸ ತಿಳಿಯುವುದು ನೋವಿನ ಬಗೆಯಿಂದಲ್ಲ, ಅದು ಮುಂದೆ ಏನಾಗುತ್ತದೆ ಎಂಬುದರಿಂದ. ಮುಟ್ಟಿನ ಮುಂಚಿನ ಬಿಗಿತ ಸ್ರಾವ ಶುರುವಾದ ಕೆಲವೇ ದಿನಗಳಲ್ಲಿ ಸಡಿಲಗೊಳ್ಳುತ್ತದೆ, ಸುಸ್ತೂ ಕಳೆಯುತ್ತದೆ. ಬಸಿರಿನಲ್ಲಿ ಮುಟ್ಟಿನ ದಿನ ದಾಟಿದರೂ ನೋವು ಉಳಿಯುತ್ತದೆ, ತೊಟ್ಟುಗಳು ಬಟ್ಟೆ ತಾಗಿದರೂ ಚುರುಗುಟ್ಟಬಹುದು. ಕೆಲವು ವಾರಗಳಲ್ಲಿ ತೊಟ್ಟಿನ ಸುತ್ತಲಿನ ಬಣ್ಣ ಗಾಢವಾಗುತ್ತದೆ. ವಾಂತಿಯ ಕಾಟ ಸಾಮಾನ್ಯವಾಗಿ ಮುಟ್ಟು ತಪ್ಪಿದ ಒಂದೆರಡು ವಾರದ ನಂತರದ್ದು. ಮುಟ್ಟಿಗೆ ಮೊದಲೇ ಹೊಟ್ಟೆ ತೊಳಸಿದರೆ ಅದನ್ನು ಬಸಿರಿನ ಲೆಕ್ಕಕ್ಕೆ ಹಾಕುವುದು ಆತುರವೇ ಸರಿ.

ಮುಟ್ಟು ತಪ್ಪುವುದೂ ಪೂರ್ತಿ ನಂಬುವ ಸಾಕ್ಷಿಯಲ್ಲ. ಜ್ವರ, ಚಿಂತೆ, ಥೈರಾಯ್ಡ್ ತೊಂದರೆ, ಪಿಸಿಓಡಿ ಇದ್ದಾಗ ಅಂಡ ತಡವಾಗಿ ಬಿಡುಗಡೆಯಾಗಬಹುದು. ಮೇಲಿನ ಹೆಂಗಸಿಗೇ ಒಂದು ತಿಂಗಳು ಅಂಡ 21ನೇ ದಿನ ಹೊರಬಂದರೆ ಮುಟ್ಟಾಗುವುದು 35ನೇ ದಿನದ ಸುಮಾರಿಗೆ. ಆಕೆಗೆ ಅದು ಒಂದು ವಾರ ತಡ. ಮೈಯ ಲೆಕ್ಕದಲ್ಲಿ ತಡವೇ ಇಲ್ಲ. ಅದೇ ತಿಂಗಳು ಗರ್ಭ ನಿಂತಿದ್ದರೆ 29ನೇ ದಿನದ ಪರೀಕ್ಷೆಯಲ್ಲಿ ಒಂದೇ ಗೆರೆ ಕಾಣಬಹುದು, ಏಕೆಂದರೆ ಎಚ್‌ಸಿಜಿ ಇನ್ನೂ ಮೂತ್ರಕ್ಕೆ ಸಾಕಷ್ಟು ಬಂದಿರುವುದಿಲ್ಲ. ಮೆಡಿಕಲ್ ಶಾಪಿನ ಕಿಟ್‌ನಲ್ಲಿ ಬೆಳಗಿನ ಮೊದಲ ಮೂತ್ರವನ್ನು ಪರೀಕ್ಷಿಸಿ, ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ ವಾರದ ನಂತರ ಮತ್ತೆ ನೋಡಬೇಕು.

ಗರ್ಭ ಅಂಟಿಕೊಳ್ಳುವ ಹೊತ್ತಿಗೆ ಕೆಲವರಿಗೆ ಒಂದೆರಡು ದಿನ ಕಲೆಯಷ್ಟೇ ರಕ್ತ ಕಾಣಿಸಿ, ಮುಟ್ಟೇ ಕಡಿಮೆಯಾಯಿತೆಂಬ ಭ್ರಮೆ ಹುಟ್ಟುವುದುಂಟು. ಮುಟ್ಟು ತಪ್ಪಿದ ಮೇಲೆ ರಕ್ತದ ಜೊತೆಗೆ ಕಿಬ್ಬೊಟ್ಟೆಯ ಒಂದು ಪಕ್ಕ ಜೋರಾಗಿ ನೋವು, ಭುಜದ ತುದಿಯಲ್ಲಿ ನೋವು ಅಥವಾ ತಲೆಸುತ್ತು ಬಂದರೆ ಗರ್ಭ ನಾಳದಲ್ಲೇ ನಿಂತಿರುವ ಸಾಧ್ಯತೆಯಿದೆ. ಆಗ ಪರೀಕ್ಷೆಯ ಗೆರೆಗಾಗಿ ಕಾಯದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.