ಕಣ್ಣಿಲ್ಲದ ರೋಬಾಟ್ ಮೆಟ್ಟಿಲಂಚಿನಲ್ಲಿ ನಿಲ್ಲುವುದು ಹೇಗೆ?

ಕಸ ಗುಡಿಸುವ ಅಗ್ಗದ ರೋಬಾಟನ್ನು ಮೊದಲ ಸಲ ನೋಡಿದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಇದಕ್ಕೆ ಬುದ್ಧಿ ಇಲ್ವಾ?' ಸೋಫಾದ ಕಾಲಿಗೆ ಬಡಿಯುತ್ತದೆ, ತುಸು ಹಿಂದೆ ಸರಿಯುತ್ತದೆ, ಯಾವುದೋ ಕೋನಕ್ಕೆ ತಿರುಗಿ ಹೊರಡುತ್ತದೆ. ಆಗಲೇ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿ, ಎದುರಿಗೆ ಬಿದ್ದ ಅಕ್ಕಿಕಾಳನ್ನು ಬಿಟ್ಟು ಪಕ್ಕದಿಂದ ಹಾದುಹೋಗುತ್ತದೆ. ನೋಡುತ್ತ ಕೂತರೆ ರೇಗುವುದು ಸಹಜ. ಆದರೆ ಈ ಅಲೆದಾಟದ ಹಿಂದೆ ಒಂದು ಲೆಕ್ಕವಿದೆ, ಆ ಲೆಕ್ಕ ತಪ್ಪಲ್ಲ.

ಅಮೆರಿಕದ ಐರೋಬಾಟ್ ಕಂಪನಿ 2002ರಲ್ಲಿ 'ರೂಂಬಾ' ಎಂಬ ಯಂತ್ರವನ್ನು ಸುಮಾರು 200 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. ಅದರ ಹಿಂದಿನ ವರ್ಷವೇ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 'ಟ್ರೈಲೋಬೈಟ್' ಎಂಬ ರೋಬಾಟನ್ನು ತಂದಿತ್ತು. ಶಬ್ದದ ಅಲೆಗಳಿಂದ ಸುತ್ತಲಿನ ವಸ್ತುಗಳನ್ನು ಗುರುತಿಸುತ್ತಿದ್ದ ಆ ಯಂತ್ರದ ಬೆಲೆ ಇದಕ್ಕಿಂತ ಹಲವು ಪಟ್ಟು. ಐರೋಬಾಟ್ ಸ್ಥಾಪಕರಲ್ಲಿ ಒಬ್ಬರಾದ ರಾಡ್ನಿ ಬ್ರೂಕ್ಸ್ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದವರು. ರೋಬಾಟಿನ ತಲೆಯಲ್ಲಿ ಜಗತ್ತಿನ ನಕ್ಷೆ ಇರಲೇಬೇಕೆಂದಿಲ್ಲ, ಒಂದರ ಮೇಲೊಂದು ಪದರವಾಗಿ ಜೋಡಿಸಿದ ಸರಳ ಪ್ರತಿಕ್ರಿಯೆಗಳೇ ಸಾಕು ಎಂದು ಅವರು 1986ರಲ್ಲೇ ವಾದಿಸಿದ್ದರು. ರೂಂಬಾ ಆ ವಾದದ ಅಂಗಡಿ ರೂಪ. ಅದಕ್ಕೆ ಕ್ಯಾಮೆರಾ ಇರಲಿಲ್ಲ, ನಕ್ಷೆ ಇರಲಿಲ್ಲ, ತಾನು ಎಲ್ಲಿದ್ದೇನೆಂಬ ಅರಿವೂ ಇರಲಿಲ್ಲ. ಇಂದಿಗೂ ತೀರಾ ಅಗ್ಗದ ಯಂತ್ರಗಳು ನಡೆಯುವುದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಹತ್ತಡಿಗೆ ಹನ್ನೊಂದಡಿಯ ಕೋಣೆ, ಅಂದರೆ ಸುಮಾರು 10 ಚದರ ಮೀಟರ್ ನೆಲ ಇದೆ ಎನ್ನಿ. ರೋಬಾಟಿನ ಬ್ರಷ್ 17 ಸೆಂಟಿಮೀಟರ್ ಅಗಲ, ವೇಗ ಸೆಕೆಂಡಿಗೆ 25 ಸೆಂಟಿಮೀಟರ್. ಹಾಗಾದರೆ ಅದು ನಿಮಿಷಕ್ಕೆ ಎರಡೂವರೆ ಚದರ ಮೀಟರ್ ಗುಡಿಸುತ್ತದೆ. ಒಂದಿಂಚೂ ಮತ್ತೆ ತುಳಿಯದೆ ನೇರ ಸಾಲುಗಳಲ್ಲಿ ಹೋದರೆ ನಾಲ್ಕು ನಿಮಿಷದಲ್ಲಿ ಇಡೀ ಕೋಣೆ ಮುಗಿಯಬೇಕು. ಮನಬಂದಂತೆ ಅಲೆದರೆ ಅದೇ ನಾಲ್ಕು ನಿಮಿಷದಲ್ಲಿ ಸುಮಾರು ಶೇ 63ರಷ್ಟು ನೆಲಕ್ಕೆ ಮಾತ್ರ ಬ್ರಷ್ ತಾಗುತ್ತದೆ, ಏಕೆಂದರೆ ಉಳಿದ ಹೊತ್ತು ಗುಡಿಸಿದ್ದನ್ನೇ ಗುಡಿಸುವುದರಲ್ಲಿ ಕಳೆದಿರುತ್ತದೆ. ಮುಂದಿನ ನಾಲ್ಕು ನಿಮಿಷ ಬಾಕಿ ಉಳಿದ ಜಾಗದಲ್ಲಿ ಮತ್ತೆ ಶೇ 63ನ್ನು ಮುಟ್ಟುತ್ತದೆ. ಹೀಗೆ ಎಂಟು ನಿಮಿಷಕ್ಕೆ ಶೇ 86, ಹನ್ನೆರಡಕ್ಕೆ ಶೇ 95, ಹದಿನಾರಕ್ಕೆ ಶೇ 98. ಬಡಿದು ತಿರುಗುವುದಕ್ಕೆ ಹಿಡಿಯುವ ಸಮಯ ಸೇರಿಸಿದರೆ ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಮನೆಯವರು ಆಫೀಸಿಗೆ ಹೋದ ಮೇಲೆ ಓಡುವ ಯಂತ್ರಕ್ಕೆ ನಾಲ್ಕು ನಿಮಿಷವಾದರೇನು, ಮೂವತ್ತಾದರೇನು? ಬ್ಯಾಟರಿ ಅಷ್ಟು ಹೊತ್ತು ಬಾಳಿದರೆ ಸಾಕು.

ಸಾಲು ಹಿಡಿದು ಹೋಗುವುದೇ ಒಳ್ಳೆಯದಲ್ಲವೇ ಎಂದರೆ, ಹೌದು, ಹೋಗಲು ಬಂದರೆ. ಎತ್ತು ಕಟ್ಟಿ ಉಳುವವನು ಹಿಂದಿನ ಸಾಲನ್ನು ಕಣ್ಣಲ್ಲಿ ನೋಡುತ್ತಾನೆ; ಈ ಯಂತ್ರಕ್ಕೆ ಆ ಸಾಲು ಕಾಣದು. ಅದಕ್ಕೆ ಗೊತ್ತಿರುವುದು ತನ್ನ ಚಕ್ರಗಳು ಎಷ್ಟು ಸುತ್ತಿದವು ಎಂಬುದಷ್ಟೇ. ಏಳು ಸೆಂಟಿಮೀಟರ್ ವ್ಯಾಸದ ಚಕ್ರಕ್ಕೆ ಒಂದು ಉದ್ದ ಕೂದಲು ಸುತ್ತಿಕೊಂಡು, ವ್ಯಾಸ ಶೇ 1ರಷ್ಟು, ಅಂದರೆ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ, ಹೆಚ್ಚಿತು ಎನ್ನಿ. ನಾಲ್ಕು ಮೀಟರ್ ಸಾಗುವಷ್ಟರಲ್ಲಿ ಆ ಚಕ್ರ ಇನ್ನೊಂದಕ್ಕಿಂತ ನಾಲ್ಕು ಸೆಂಟಿಮೀಟರ್ ಹೆಚ್ಚು ಓಡಿರುತ್ತದೆ. ಎರಡು ಚಕ್ರಗಳ ನಡುವಿನ ಅಂತರ 23.5 ಸೆಂಟಿಮೀಟರ್ ಆಗಿದ್ದರೆ ಯಂತ್ರದ ಮೂತಿ ಹತ್ತು ಡಿಗ್ರಿಯಷ್ಟು ತಿರುಗಿ, ಸಾಲು ಮೂವತ್ತಕ್ಕೂ ಹೆಚ್ಚು ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಇದು ಬ್ರಷ್‌ನ ಎರಡು ಅಗಲಕ್ಕೆ ಸಮ. ಇಂಥ ಯಂತ್ರ ಸಾಲು ಹಿಡಿದರೆ ನಡುವೆ ಗುಡಿಸದ ಪಟ್ಟೆಗಳು ಉಳಿಯುತ್ತವೆ, ಅವು ಉಳಿದಿವೆ ಎಂದು ಅದಕ್ಕೆ ತಿಳಿಯುವುದೇ ಇಲ್ಲ. ಅಲೆದಾಟದಲ್ಲಿ ತಪ್ಪುಗಳು ಒಂದರ ಮೇಲೊಂದು ಕೂಡುತ್ತ ಹೋಗುವುದಿಲ್ಲ, ಅದೇ ಅದರ ಲಾಭ. ದಿಕ್ಕು ಅಳೆಯುವ ಗೈರೋ ಚಿಪ್ ಅಗ್ಗವಾದ ಮೇಲೆ ಕಡಿಮೆ ಬೆಲೆಯ ಯಂತ್ರಗಳೂ ಸಾಲಿಗೆ ಇಳಿದಿವೆ. ರೂಂಬಾ ಮಾತ್ರ ಕ್ಯಾಮೆರಾ ಹೊತ್ತು ನಕ್ಷೆ ಬರೆಯಲು ಆರಂಭಿಸಿದ್ದು 2015ರಲ್ಲಿ.

ಅಲೆದಾಟಕ್ಕೂ ಮಿತಿ ಇದೆ. ಬಾಗಿಲು ಸಿಗುವುದು ಅದೃಷ್ಟದ ಮಾತು. ಹದಿಮೂರು ಮೀಟರ್ ಸುತ್ತಳತೆಯ ಗೋಡೆಯಲ್ಲಿ 80 ಸೆಂಟಿಮೀಟರ್ ಬಾಗಿಲೆಂದರೆ ಹದಿನಾರು ಬಡಿತಕ್ಕೆ ಒಂದು ಅವಕಾಶ. ಗೋಡೆಯ ಬುಡದ ಧೂಳೂ ಹಾಗೇ ಉಳಿಯುತ್ತದೆ. ಅದಕ್ಕಾಗಿ ರೂಂಬಾ ಆಗಾಗ ಅಲೆದಾಟ ನಿಲ್ಲಿಸಿ, ಬಲಬದಿಯ ಒಂದು ಸೆನ್ಸರಿನ ನೆರವಿನಿಂದ ಗೋಡೆಯನ್ನು ಬಲಕ್ಕಿಟ್ಟುಕೊಂಡು ಸಾಗುತ್ತದೆ. ಆಗ ಮೂಲೆಯೂ ಸಿಗುತ್ತದೆ, ಬಾಗಿಲೂ ಸಿಗುತ್ತದೆ.

ಬಡಿಯುವ ಕೆಲಸ ಮುಂಭಾಗದ ಅರ್ಧಚಂದ್ರಾಕಾರದ ಬಂಪರಿನದು. ಅದು ಸ್ಪ್ರಿಂಗಿನ ಮೇಲೆ ಒಂದು ಸೆಂಟಿಮೀಟರಿನಷ್ಟು ಒಳಕ್ಕೆ ಸರಿಯುತ್ತದೆ. ಹಿಂದೆ ಎಡಕ್ಕೊಂದು ಬಲಕ್ಕೊಂದು ಸ್ವಿಚ್. ಎಡದ್ದು ಒತ್ತಿದರೆ ಅಡ್ಡಿ ಎಡಕ್ಕಿದೆ, ಬಲಕ್ಕೆ ತಿರುಗು. ಎರಡೂ ಒತ್ತಿದರೆ ನೇರ ಎದುರಿಗಿದೆ, ಹೆಚ್ಚು ತಿರುಗು. ಎರಡೇ ಸ್ವಿಚ್ಚಿನಿಂದ ಮೂರು ಉತ್ತರ ಸಿಕ್ಕಂತಾಯಿತು. ಯಂತ್ರ ದುಂಡಗಿರುವುದಕ್ಕೂ ಇಲ್ಲೇ ಕಾರಣವಿದೆ. ದುಂಡಗಿನ ವಸ್ತು ನಿಂತಲ್ಲೇ ತಿರುಗಿದರೆ ಅದರ ಯಾವ ಮೂಲೆಯೂ ಕುರ್ಚಿಯ ಕಾಲಿಗೆ ತಾಗುವುದಿಲ್ಲ. ಇನ್ನು, ಹಿಂಬದಿಯಲ್ಲಿ ಸೆನ್ಸರೇ ಇಲ್ಲ. ಹಿಂದೆ ಸರಿಯುವುದು ಈಗಷ್ಟೇ ಬಂದ ದಾರಿಯಲ್ಲಿ, ಅದೂ ಕೆಲವೇ ಸೆಂಟಿಮೀಟರ್; ಆದ್ದರಿಂದ ಅಲ್ಲಿ ನೆಲ ಇದೆ ಎಂಬುದು ಖಾತ್ರಿ.

ಬಂಪರ್ ಸಂದಿಯಲ್ಲಿ ಕಸ ಸಿಕ್ಕಿ ಸ್ವಿಚ್ ಒತ್ತಿಕೊಂಡೇ ಉಳಿದರೆ, ಖಾಲಿ ನೆಲದ ನಡುವೆಯೇ ಯಂತ್ರ ಹಿಂದೆ ಸರಿಯುತ್ತ ತಿರುಗುತ್ತ ನಿಲ್ಲುತ್ತದೆ. ಬಂಪರನ್ನು ನಾಲ್ಕಾರು ಸಲ ತಟ್ಟಿ, ಅದು ಪುಟಿದು ಹೊರಬರುತ್ತದೆಯೇ ನೋಡಿದರೆ ದೋಷ ತಿಳಿಯುತ್ತದೆ.

ಬಡಿತದಲ್ಲಿ ತಪ್ಪಾದರೆ ಹೋಗುವುದು ಪೀಠೋಪಕರಣದ ಬಣ್ಣ. ಮೆಟ್ಟಿಲಲ್ಲಿ ತಪ್ಪಾದರೆ ಯಂತ್ರವೇ ಹೋಗುತ್ತದೆ, ಕೆಳಗೆ ಮಗು ಆಡುತ್ತಿದ್ದರೆ ಇನ್ನೂ ಕೆಟ್ಟದ್ದು. ಅಗ್ಗದ ಯಂತ್ರದಲ್ಲಿ ಜಿಪುಣತನ ಮಾಡಬಾರದ ಒಂದೇ ಜಾಗ ಇದು ಎಂಬುದು ನನ್ನ ಅಭಿಪ್ರಾಯ.

ರೂಂಬಾದ ಬಂಪರಿನ ತಳದಲ್ಲಿ ನಾಲ್ಕು ಕಡೆ ಕ್ಲಿಫ್ ಸೆನ್ಸರುಗಳಿವೆ. ಪ್ರತಿಯೊಂದರಲ್ಲೂ ಇನ್‌ಫ್ರಾರೆಡ್ ಬೆಳಕು ಚೆಲ್ಲುವ ಒಂದು ಎಲ್ಇಡಿ, ಮರಳಿದ ಬೆಳಕನ್ನು ಗ್ರಹಿಸುವ ಒಂದು ಸೆನ್ಸರ್. ಟಿವಿ ರಿಮೋಟಿನಿಂದ ಹೊಮ್ಮುವುದೂ ಇಂಥದ್ದೇ ಬೆಳಕು. ಎರಡನ್ನೂ ತುಸು ಓರೆಯಾಗಿ, ಒಂದರ ನೋಟವೂ ಇನ್ನೊಂದರ ಬೆಳಕೂ ನೆಲದ ಮಟ್ಟದಲ್ಲೇ ಸಂಧಿಸುವಂತೆ ಕೂರಿಸುತ್ತಾರೆ. ನೆಲ ಇದ್ದರೆ ಬೆಳಕು ಮರಳುತ್ತದೆ. ನೆಲ ಒಂದು ಮೆಟ್ಟಿಲಷ್ಟು ಕೆಳಗಿದ್ದರೆ ಬೆಳಕಿನ ಚುಕ್ಕೆ ಬೀಳುವುದು ಸೆನ್ಸರಿನ ನೋಟದಾಚೆ. ಹಾಗಾಗಿ ಕೆಳಗಿನ ಮೆಟ್ಟಿಲು ಬಿಳಿ ಅಮೃತಶಿಲೆಯದಾದರೂ ಯಂತ್ರ ಮೋಸ ಹೋಗದು. ನಾಲ್ಕು ಕಡೆ ಏಕೆಂದರೆ, ಅಂಚಿಗೆ ಯಾವಾಗಲೂ ನೇರವಾಗಿಯೇ ಬರುತ್ತದೆಂಬ ಖಾತ್ರಿಯಿಲ್ಲ, ಓರೆಯಾಗಿ ಬಂದರೆ ಮೊದಲು ನೆಲ ಬಿಡುವುದು ಪಕ್ಕದ ಭಾಗ.

ಇಲ್ಲೊಂದು ಜಾಣ ನಿಯಮವಿದೆ: ಬೆಳಕು ಬರದಿದ್ದರೆ ಪ್ರಪಾತವೆಂದೇ ತಿಳಿ. ತಂತಿ ತುಂಡಾದರೂ ಎಲ್ಇಡಿ ಸುಟ್ಟರೂ ಬೆಳಕು ಬರದು, ಯಂತ್ರ ಹೆದರಿ ನಿಲ್ಲುತ್ತದೆ, ಬೀಳುವುದಿಲ್ಲ. ಇದಕ್ಕೆ ತೆರುವ ಬೆಲೆಯೇ ಕಪ್ಪು ನೆಲದ ಸಮಸ್ಯೆ. ಕಪ್ಪು ಕಾರ್ಪೆಟ್ಟು, ಕಪ್ಪು ಗ್ರಾನೈಟಿನ ಅಂಚುಪಟ್ಟಿ ಅಥವಾ ಕಡಪ ಕಲ್ಲು ಬೆಳಕನ್ನು ಹೀರಿಕೊಂಡರೆ ಯಂತ್ರ ಅದನ್ನು ಹಳ್ಳವೆಂದು ನಂಬಿ ಹಿಂತಿರುಗುತ್ತದೆ. ಎಲ್ಲ ಕಪ್ಪೂ ಹೀಗಲ್ಲ. ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಬಣ್ಣಗಳು ಇನ್‌ಫ್ರಾರೆಡ್ ಬೆಳಕನ್ನು ಚೆನ್ನಾಗಿಯೇ ಮರಳಿಸುತ್ತವೆ. ಆದ್ದರಿಂದ ಓಡಿಸಿ ನೋಡದೆ ಹೇಳಲಾಗದು.

ಅಪಾಯ ಇರುವುದು ಇದರ ವಿರುದ್ಧ ದಿಕ್ಕಿನಲ್ಲಿ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಧಾರಾಳವಾಗಿಯೇ ಇದೆ. ಬೆಳಗಿನ ಎಳೆಬಿಸಿಲು ಮೆಟ್ಟಿಲ ಮೇಲೆ ಬಿದ್ದಿರುವಾಗ ಬರೀ 'ಬೆಳಕು ಬಂತೇ' ಎಂದು ಕೇಳುವ ಯಂತ್ರಕ್ಕೆ 'ಬಂತು' ಎಂಬ ಉತ್ತರ ಸಿಗುತ್ತದೆ, ಅದು ನೆಟ್ಟಗೆ ಕೆಳಗುರುಳುತ್ತದೆ. ಪರಿಹಾರ ಸುಲಭ. ಎಲ್ಇಡಿ ಹಚ್ಚಿ ಒಮ್ಮೆ ಅಳೆ, ಆರಿಸಿ ಮತ್ತೊಮ್ಮೆ ಅಳೆ, ಎರಡರ ವ್ಯತ್ಯಾಸವನ್ನು ಮಾತ್ರ ನಂಬು. 0ಯಿಂದ 1023ರವರೆಗಿನ ಅಳತೆಯಲ್ಲಿ ನೆರಳಿನ ಟೈಲ್ಸ್ ಮೇಲೆ ಹಚ್ಚಿದಾಗ 700, ಆರಿಸಿದಾಗ 50 ಬಂತು ಎನ್ನಿ; ವ್ಯತ್ಯಾಸ 650, ನೆಲ ಇದೆ. ಬಿಸಿಲಿನ ಮೆಟ್ಟಿಲಂಚಿನಲ್ಲಿ 620 ಮತ್ತು 600 ಬಂದರೆ ವ್ಯತ್ಯಾಸ ಬರೀ 20, ಪ್ರಪಾತ. ಬಿಸಿಲು ತೀರಾ ಹೆಚ್ಚಾದರೆ ಎರಡೂ 1023ಕ್ಕೆ ಮುಟ್ಟಿ ವ್ಯತ್ಯಾಸ ಸೊನ್ನೆಯಾಗುತ್ತದೆ, ನೆಲವಿದ್ದರೂ ಯಂತ್ರ ಮುಂದೆ ಹೋಗದು. ಕಿಟಕಿಯ ಬಿಸಿಲು ಬಿದ್ದಲ್ಲಿ ನಿಮ್ಮ ರೋಬಾಟ್ ಹಿಂಜರಿದರೆ ಅದು ಮೊಂಡುತನವಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಇಂಥ ಯಂತ್ರ ಕಟ್ಟುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಚ್ಚಾಗಿ ಹಾಕುವುದು ಟಿಸಿಆರ್‌ಟಿ5000 ಎಂಬ ಸೆನ್ಸರ್. ಅದು ಅತಿ ಚೆನ್ನಾಗಿ ಕೆಲಸ ಮಾಡುವುದು ನೆಲದಿಂದ ಎರಡೂವರೆ ಮಿಲಿಮೀಟರ್ ದೂರದಲ್ಲಿ. ಒಂದೂವರೆ ಸೆಂಟಿಮೀಟರಿಗೆ ಅದರ ಕಸುವು ಮುಗಿಯಿತು. ಯಂತ್ರದ ತಳ ಎತ್ತರವಾದಷ್ಟೂ ತಿಳಿಬಣ್ಣದ ನೆಲವೂ ಹಳ್ಳವಾಗಿ ಕಾಣತೊಡಗುತ್ತದೆ. ನಿಲ್ಲಲು ಬೇಕಾದ ದೂರವನ್ನೂ ಅವರು ಮರೆಯುವುದುಂಟು. ಸೆಕೆಂಡಿಗೆ 50 ಸಲ ಸೆನ್ಸರ್ ಓದುವ ಯಂತ್ರ ಒಂದು ಓದಿಗೆ ಅರ್ಧ ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಟೈಲ್ಸ್ ಸಂದಿಯ ಗೆರೆಗೆ ಬೆಚ್ಚಬಾರದೆಂದು ಮೂರು ಓದು ಕಾದರೆ ಒಂದೂವರೆ ಸೆಂಟಿಮೀಟರ್, ಮೋಟರ್ ನಿಲ್ಲುವಷ್ಟರಲ್ಲಿ ಇನ್ನೊಂದು. ಸೆನ್ಸರಿನಿಂದ ಮುಂದಿನ ಪುಟ್ಟ ಚಕ್ರಕ್ಕೆ ಅಂತರ ಮೂರು ಸೆಂಟಿಮೀಟರ್ ಇದ್ದರೆ ಉಳಿದದ್ದು ಅರ್ಧ ಸೆಂಟಿಮೀಟರ್. ವೇಗ ದುಪ್ಪಟ್ಟಾದರೆ ಅದೂ ಇಲ್ಲ.

ಸೆನ್ಸರ್ ಕಾಣದ ಹಳ್ಳವೂ ಇದೆ. ನಮ್ಮ ಮನೆಗಳಲ್ಲಿ ಬಚ್ಚಲ ನೆಲ ಒಂದಿಂಚಿನಷ್ಟು ತಗ್ಗಿರುತ್ತದೆ. ಇದು ಮೆಟ್ಟಿಲಿನಷ್ಟು ಆಳವಲ್ಲವಾದ್ದರಿಂದ ಕೆಲವು ಯಂತ್ರಗಳು ಗುರುತಿಸದೆ ಇಳಿದುಬಿಡುತ್ತವೆ, ಹತ್ತಲು ಆಗದೆ ಬ್ಯಾಟರಿ ಮುಗಿಯುವವರೆಗೆ ಒದ್ದೆ ನೆಲದಲ್ಲಿ ಸುತ್ತುತ್ತವೆ. ಬಚ್ಚಲ ಬಾಗಿಲು ಹಾಕುವುದೊಂದೇ ದಾರಿ.

ಕಪ್ಪು ನೆಲದ ಕಾಟಕ್ಕೆ ಬೇಸತ್ತು ಸೆನ್ಸರಿನ ಮೇಲೆ ಬಿಳಿ ಕಾಗದ ಅಂಟಿಸುವವರಿದ್ದಾರೆ. ಬೆಳಕು ಕಾಗದದಿಂದಲೇ ಮರಳುವುದರಿಂದ ಯಂತ್ರಕ್ಕೆ ಎಲ್ಲೆಡೆ ನೆಲವೇ ಕಾಣುತ್ತದೆ, ಮೆಟ್ಟಿಲಂಚಿನಲ್ಲೂ. ಗಾಜಿನ ಮೇಲೆ ದಟ್ಟವಾಗಿ ಕೂತ ಧೂಳೂ ತುಸು ಮಟ್ಟಿಗೆ ಇದೇ ಕೆಲಸ ಮಾಡಬಲ್ಲದು. ಮೆಟ್ಟಿಲಿರುವ ಮನೆಯವರು ಕಾಗದದ ಉಪಾಯಕ್ಕೆ ಕೈಹಾಕಬೇಡಿ. ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ನಾಲ್ಕೂ ಸೆನ್ಸರ್ ಒರೆಸಿ. ಹೊಸ ಯಂತ್ರ ತಂದ ದಿನ, ಬಿಸಿಲು ಮೆಟ್ಟಿಲಿಗೆ ಬೀಳುವ ಹೊತ್ತಿನಲ್ಲಿ, ಕೆಳಗೆ ದಿಂಬು ಹಾಸಿ, ಕೈ ಅಡ್ಡ ಹಿಡಿದು, ನೇರವಾಗಿಯೂ ಓರೆಯಾಗಿಯೂ ಅಂಚಿಗೆ ಬಿಟ್ಟು ನೋಡಿ. ಒಂದೇ ಒಂದು ಸಲ ಮುಂದೆ ಹೋದರೂ ಅಂಗಡಿಗೆ ವಾಪಸ್ ಕೊಡಿ.